ಪದಚರ್ಚೆ: ಹಾಳೆ ಮಗುಚುವ ಕಡೆ ‘ಒಳಗೆ ಇದ್ದದ್ದು...’ ಅನ್ನಬಹುದಾ?

ಮೈಸೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ.

ಚಿಕ್ಕ ಮಕ್ಕಳಿಗೆ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. 24 ಪುಟ. ಪ್ರತಿ ಪುಟದಲ್ಲೂ ಮೇಲೆ ಕನ್ನಡ, ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ಕತೆಯನ್ನು ಗೆಳತಿಯೊಬ್ಬಳು ಮೊದಲು ಇಂಗ್ಲಿಷಿನಲ್ಲಿ ಬರೆದಳು. ಕನ್ನಡ ನನ್ನದು, ಪುಟ ಕಟ್ಟುವ ಕೆಲಸವೂ ನನ್ನದೇ.

ಕತೆ ಸಣ್ಣದು. ಅಟ್ಟದ ಮೇಲಿನ ಬುಟ್ಟಿಯಲ್ಲಿ ಏನೋ ಸರಪರ ಸದ್ದು. ಪುಟ್ಟಿ ಹತ್ತಿ ಹೋಗಿ ಬುಟ್ಟಿಯ ಮೇಲಿನ ಗೋಣಿ ಸರಿಸುತ್ತಾಳೆ. 11ನೇ ಪುಟದ ಇಂಗ್ಲಿಷ್ ಇಲ್ಲಿಗೆ ನಿಲ್ಲುತ್ತದೆ: ‘ಇನ್‌ಸೈಡ್ ವಾಸ್...’ ಬೆಸಸಂಖ್ಯೆಯ ಪುಟ ಯಾವಾಗಲೂ ಬಲಗಡೆ ಬರುತ್ತದೆ, ಅಲ್ವಾ. ಹಾಗಾಗಿ ಮಗು ಅಲ್ಲಿ ಹಾಳೆ ಮಗುಚಲೇಬೇಕು. ಮಗುಚಿದರೆ 12 ಮತ್ತು 13 ಸೇರಿ ಒಂದೇ ದೊಡ್ಡ ಚಿತ್ರ. ಅಲ್ಲಿ ಕೋಳಿ, ಅದರ ಕೆಳಗೆ ಐದು ಮೊಟ್ಟೆ.

ನಾನು ಮೊದಲು ಬರೆದದ್ದು: ‘ಒಳಗೆ ಐದು ಮೊಟ್ಟೆಯ ಮೇಲೆ ಕೋಳಿ ಕಾವಿಗೆ ಕೂತಿತ್ತು.’ ಒಳ್ಳೆಯ ಕನ್ನಡವೇ. ಆದರೆ ಇದನ್ನು ಎಲ್ಲಿ ಕತ್ತರಿಸಲಿ? ‘ಒಳಗೆ...’ ಅಂತ ಒಂದೇ ಪದ ಬಿಟ್ಟರೆ ಓದುವ ಅಮ್ಮನ ದನಿ ಅಲ್ಲೇ ಬಿದ್ದುಹೋಗುತ್ತದೆ. ‘ಮೊಟ್ಟೆಯ ಮೇಲೆ’ ತನಕ ಹೋದರೆ ಹಾಳೆ ಮಗುಚುವ ಮೊದಲೇ ಗುಟ್ಟು ಬಯಲು. ಕೊನೆಗೆ ಹೀಗೆ ಮಾಡಿದೆ:

11: ಪುಟ್ಟಿ ಮೆಲ್ಲಗೆ ಗೋಣಿ ಸರಿಸಿದಳು. ಒಳಗೆ ಇದ್ದದ್ದು...
12: ಕೋಳಿ! ಐದು ಮೊಟ್ಟೆಯ ಮೇಲೆ ಕಾವಿಗೆ ಕೂತ ಕೋಳಿ!

ನನ್ನ ಪ್ರಶ್ನೆಗಳು ಮೂರು. ‘ಇದ್ದದ್ದು’ ಸರಿಯೋ, ‘ಇದ್ದಿದ್ದು’ ಸರಿಯೋ? ಇಂಗ್ಲಿಷಿನ ಪುಟಕ್ಕೆ ಹೊಂದಲಿ ಅಂತ ನಾನು ಕನ್ನಡವನ್ನು ತಿರುಚಿದ ಹಾಗಾಯಿತೇ? ಹಾಗೆಯೇ, ಎದುರುಬದುರಿನ ಎರಡು ಪುಟ ಸೇರಿಸಿ ಹೇಳುವ ‘ಸ್ಪ್ರೆಡ್’ಗೆ ಕನ್ನಡದಲ್ಲಿ ಏನನ್ನುತ್ತೀರಿ?

ಧಾರವಾಡದಿಂದ, ನಿವೃತ್ತ ಕನ್ನಡ ಮೇಷ್ಟ್ರು

ತಿರುಚಿಲ್ಲ ತಂಗಿ, ಹೆದರಬೇಡಿ. ‘ಬಂದವರು ಯಾರು’, ‘ಹೇಳಿದ್ದು ನಾನು’ ಅಂತ ದಿನಾ ಅನ್ನುತ್ತೇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ವಾಡಿಕೆ ನಿಜ. ಆದರೆ ಹೇಳಬೇಕಾದ ಹೊಸ ಸಂಗತಿಯನ್ನು ಕೊನೆಗೆ ಇಡಬೇಕು ಅನಿಸಿದಾಗ ಕ್ರಿಯಾಪದವನ್ನೇ ಹೆಸರಾಗಿ ಮಾಡಿ ಮುಂದಕ್ಕೆ ತರುತ್ತೇವೆ. ‘ಇತ್ತು’ ಹೋಗಿ ‘ಇದ್ದದ್ದು’ ಆಗುವುದು ಹಾಗೆ.

ರೂಪದ ಮಾತಿಗೆ ಬಂದರೆ, ಹಳೆಯ ಬರಹದಲ್ಲಿ ‘ಇದ್ದುದು’ ಜಾಸ್ತಿ. ಈಗ ಬರಹದಲ್ಲಿ ‘ಇದ್ದದ್ದು’, ಮಾತಿನಲ್ಲಿ ‘ಇದ್ದಿದ್ದು’. ಮಕ್ಕಳ ಪುಸ್ತಕಕ್ಕೆ ‘ಇದ್ದದ್ದು’ ಇರಲಿ. ಗಾದೆಯಲ್ಲೂ ಅದೇ ಇದೆ: ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.’

ಆದರೆ ಒಂದು ವಿಷಯ ಗಮನಿಸಿ. ‘ಒಳಗೆ ಇದ್ದದ್ದು’ ಅಂದ ಕೂಡಲೇ, ಒಳಗೆ ಏನೋ ಇದೆ ಅನ್ನುವುದು ಕೇಳುವವನಿಗೆ ಮೊದಲೇ ಗೊತ್ತು ಅಂತ ಅರ್ಥ. ಅದು ಯಾವುದು ಅನ್ನುವುದಷ್ಟೇ ಬಾಕಿ. ಇಂಗ್ಲಿಷಿನ ‘ಇನ್‌ಸೈಡ್ ವಾಸ್’ಗೆ ಈ ಕಟ್ಟುಪಾಡಿಲ್ಲ. ಬುಟ್ಟಿ ಖಾಲಿ ಅಂದುಕೊಂಡು ಪುಟ್ಟಿ ಗೋಣಿ ಸರಿಸಿದ್ದರೆ ‘ಇದ್ದದ್ದು’ ಅಲ್ಲಿ ಕೂರುವುದಿಲ್ಲ. ನಿಮ್ಮ ಕತೆಯಲ್ಲಿ ಮೊದಲೇ ಸದ್ದು ಕೇಳಿಸಿದೆ, ಹಾಗಾಗಿ ಸರಿಹೋಗುತ್ತದೆ. ‘ಬೆಕ್ಕೋ? ಇಲಿಯೋ?’ ಅಂತ ಪುಟ್ಟಿ ಹಿಂದಿನ ಪುಟದಲ್ಲಿ ಯೋಚಿಸಿದ್ದರೆ ಇನ್ನೂ ಚೆಂದ.

ಗದಗದಿಂದ, ಡಿಟಿಪಿ ಕೆಲಸದವರು

ಪುಟ ಕಟ್ಟುವಾಗ ನನಗೊಂದು ತೊಂದರೆ ಆಗಿತ್ತು ಮೇಡಂ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಇನ್‌ಡಿಸೈನ್‌ಗೆ ಹಾಕಿ ಫಾಂಟ್ ಬದಲಿಸಿದೆ. ಕನ್ನಡ ಹೋಗಿ ಏನೇನೋ ಇಂಗ್ಲಿಷ್ ಅಕ್ಷರ ಬಂದವು. ಹಳೆಯ ನುಡಿ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಪುಟಕ್ಕೆ ತರಬೇಕು. ಆಮೇಲೂ ‘ಇದ್ದದ್ದು’ ಅನ್ನುವುದು ‘ಇದ್‌ದದ್‌ದು’ ಅಂತ ಒತ್ತು ಬಿಚ್ಚಿಕೊಂಡು ಕಾಣಿಸಿದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ `Adobe World-Ready Paragraph Composer` ಆರಿಸಿ. ಒತ್ತಕ್ಷರ ಸರಿಯಾಗುತ್ತದೆ.

ಸ್ಪ್ರೆಡ್‌ಗೆ ನಾವು ಸ್ಪ್ರೆಡ್ ಅಂತಲೇ ಅನ್ನುತ್ತೇವೆ. ಪ್ರೆಸ್ಸಿನಲ್ಲಿ ಬೇರೆ ಪದ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.

ನ್ಯೂಜೆರ್ಸಿಯಿಂದ, ಕನ್ನಡ ಕಲಿಸುವ ತಾಯಿ

ನಮಸ್ತೆ. ಇಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಇಂಥ ಪುಸ್ತಕ ನಮಗೆ ತುಂಬಾ ಬೇಕು. ಒಂದು ಕೋರಿಕೆ. ಮೇಲೆ ಕನ್ನಡದ ಪೂರ್ತಿ ಮಾತು, ಕೆಳಗೆ ಇಂಗ್ಲಿಷಿನ ಪೂರ್ತಿ ಮಾತು ಬೇಡ. ಒಂದು ಸಾಲು ಕನ್ನಡ, ಅದರ ಕೆಳಗೆ ಅದೇ ಸಾಲಿನ ಇಂಗ್ಲಿಷ್ ಹಾಕಿ. ಮಕ್ಕಳು ಬೆರಳಿಟ್ಟು ಪದಕ್ಕೆ ಪದ ಹೊಂದಿಸಿ ಕಲಿಯುತ್ತಾರೆ.

ಮೈಸೂರಿನಿಂದ

ಬೆರಳಿಟ್ಟು ಓದುತ್ತಾರೆ ಅನ್ನುವುದು ನಿಜ ಅಕ್ಕಾ. ನಾನೂ ಮೊದಲು ಹಾಗೇ ಕಟ್ಟಿ ನೋಡಿದೆ. 9ನೇ ಪುಟದಲ್ಲಿ ಕೆಟ್ಟಿತು. ಅಲ್ಲಿ ಕನ್ನಡ ‘ಅಟ್ಟದಲ್ಲಿ, ಬುಟ್ಟಿಯೊಳಗೆ, ಒಂದು ಸದ್ದು’. ಇಂಗ್ಲಿಷ್ ‘ಅ ನಾಯ್ಸ್, ಇನ್ ದ ಬಾಸ್ಕೆಟ್, ಇನ್ ದ ಆಟಿಕ್’. ಎರಡೂ ಒಂದಕ್ಕೊಂದು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಸಾಲಿನ ಕೆಳಗೆ ಸಾಲು ಇಟ್ಟರೆ ‘ಅಟ್ಟ’ದ ಕೆಳಗೆ ‘ನಾಯ್ಸ್’ ಬಂದು ಕೂರುತ್ತದೆ. ಮಗು ಅಟ್ಟ ಅಂದರೆ ಸದ್ದು ಅಂತ ಕಲಿಯುತ್ತದೆ. ಅದಕ್ಕೇ ಹೊಂದಾಣಿಕೆ ಪುಟದ ಅಳತೆಯಲ್ಲಿರಲಿ ಅಂತ ನಿರ್ಧರಿಸಿದೆ. ಈ ಪುಟದ ಕನ್ನಡದಲ್ಲಿ ಇರುವುದೆಲ್ಲ ಇದೇ ಪುಟದ ಇಂಗ್ಲಿಷಿನಲ್ಲಿ ಇರಬೇಕು, ಚಿತ್ರದಲ್ಲೂ ಕಾಣಬೇಕು. ಒಳಗಿನ ಕ್ರಮ ಆಯಾ ಭಾಷೆಯದ್ದು. ಮೂರು ನಾಲ್ಕು ಪದದ ಪುಟದಲ್ಲಿ ಬೇಕಾದರೆ ನೀವು ಹೇಳಿದಂತೆ ಮಾಡಬಹುದು. ‘ಕೋಳಿ!’ ಕೆಳಗೆ ‘ಅ ಹೆನ್!’ ಅಷ್ಟೇ.

ಗದಗದ ಸರ್, ನನ್ನದು ಮೊದಲಿಂದಲೂ ಯೂನಿಕೋಡ್. ಆ ಸೆಟ್ಟಿಂಗ್ ಹಾಕಿದ್ದೇನೆ. ನನಗೆ ಕಾಡಿದ್ದು ಬೇರೆ. ಎರಡೂ ಭಾಷೆಗೆ 16 ಪಾಯಿಂಟ್ ಅಕ್ಷರ, 22 ಪಾಯಿಂಟ್ ಸಾಲಿನ ಅಂತರ ಇಟ್ಟಿದ್ದೆ. ಇಂಗ್ಲಿಷ್ ಆರಾಮಾಗಿ ಕಂಡಿತು. ಕನ್ನಡದಲ್ಲಿ ಮೇಲಿನ ಸಾಲಿನ ‘ಮೊಟ್ಟೆ’ಯ ಟ ಒತ್ತು ಕೆಳಗಿಳಿದು, ಕೆಳಗಿನ ಸಾಲಿನ ‘ಕೂತಿತ್ತು’ವಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬಂತು. ಆಗ ತಾನೇ ಓದಲು ಕಲಿಯುವ ಮಗುವಿಗೆ ಯಾವ ಗುರುತು ಯಾವ ಅಕ್ಷರದ್ದು ಅಂತ ತಿಳಿಯುವುದಿಲ್ಲ. ಈಗ ಕನ್ನಡಕ್ಕೆ 18 ಪಾಯಿಂಟ್, ಅಂತರ 28. ಇಂಗ್ಲಿಷ್ ಹಾಗೇ ಇದೆ. ಕಣ್ಣಿಗೆ ಎರಡೂ ಒಂದೇ ಗಾತ್ರ ಅನಿಸುತ್ತವೆ. ಜಾಗ ಜಾಸ್ತಿ ಬೇಕಾಯಿತು, ಹಾಗಾಗಿ ಎರಡು ಪುಟದಲ್ಲಿ ಚಿತ್ರದ ಆಕಾಶವನ್ನು ಸ್ವಲ್ಪ ಎತ್ತರಿಸಲು ಕೇಳಬೇಕಾಯಿತು. ಸಾಲಿನ ಎರಡೂ ಅಂಚು ಸಮ ಮಾಡುವುದನ್ನೂ ಬಿಟ್ಟೆ. ‘ಸರಿಸಿದಳು’, ‘ಇಟ್ಟುಕೊಂಡಿತ್ತು’ ಥರದ ಉದ್ದ ಪದ ಬಂದರೆ ಸಾಲಿಗೆ ಎರಡೇ ಪದ ಹಿಡಿದು ನಡುವೆ ದೊಡ್ಡ ತೂತು ಬೀಳುತ್ತಿತ್ತು.

ಸಾಗರದಿಂದ, ಪ್ರಾಥಮಿಕ ಶಾಲೆಯ ಶಿಕ್ಷಕಿ

ನಾನು ವ್ಯಾಕರಣ ಹೇಳುವಷ್ಟು ಓದಿಲ್ಲ. ಆದರೆ ನಮ್ಮಮ್ಮ ಕತೆ ಹೇಳುವಾಗ ಈ ಜಾಗದಲ್ಲಿ ‘ಇದ್ದದ್ದು’ ಅನ್ನುತ್ತಿರಲಿಲ್ಲ. ‘ಗೋಣಿ ಸರಿಸಿ ನೋಡಿದರೆ...’ ಅಂತ ರಾಗ ಎಳೆದು ನಿಲ್ಲಿಸುತ್ತಿದ್ದರು. ನಾವು ‘ಏನಿತ್ತಮ್ಮಾ?’ ಅಂತ ಕೇಳಬೇಕು. ಆಮೇಲೆ ಕೋಳಿ. ನಾಳೆ ತರಗತಿಯಲ್ಲಿ ಎರಡೂ ಓದಿ ನೋಡಿ. ‘ನೋಡಿದರೆ’ ಅಂದಾಗ ಮಕ್ಕಳು ಮುಂದಕ್ಕೆ ಬಾಗುತ್ತಾರೆ.

ಧಾರವಾಡದಿಂದ

ಇದು ನನಗೆ ಹೊಳೆಯಬೇಕಿತ್ತು. ಈ ‘ನೋಡಿದರೆ’ಗೆ ಒಳಗೆ ಏನೋ ಇದೆ ಅಂತ ಮೊದಲೇ ಗೊತ್ತಿರಬೇಕಾಗಿಯೂ ಇಲ್ಲ. ಖಾಲಿ ಬುಟ್ಟಿ ಅಂದುಕೊಂಡಿದ್ದರೂ ನಡೆಯುತ್ತದೆ. ಅಚ್ಚರಿಗೆ ಇದೇ ಸರಿ.

ನ್ಯೂಜೆರ್ಸಿಯಿಂದ

ಕೇಳಲು ಚೆಂದ, ಒಪ್ಪುತ್ತೇನೆ. ಆದರೆ ನಮ್ಮ ಮಕ್ಕಳಿಗೆ ‘ಬಂದರೆ, ಹೋದರೆ’ ಅಂದರೆ ‘ಇಫ್’ ಅಂತ ಹೇಳಿಕೊಟ್ಟಿದ್ದೇನೆ. ಕೆಳಗೆ ಇಂಗ್ಲಿಷಿನಲ್ಲಿ ‘ಇನ್‌ಸೈಡ್ ವಾಸ್’ ಅಂತಿದ್ದು ಮೇಲೆ ‘ನೋಡಿದರೆ’ ಇದ್ದರೆ ಗೊಂದಲ ಆಗುವುದಿಲ್ಲವೇ? ಎರಡೂ ಒಂದೇ ಪುಟದಲ್ಲಿದ್ದರೆ ಮಕ್ಕಳು ಹೋಲಿಸಿಯೇ ಹೋಲಿಸುತ್ತಾರೆ.

ಸಾಗರದಿಂದ

ಹಾಗಾದರೆ ಇಂಗ್ಲಿಷನ್ನು ಸ್ವಲ್ಪ ಬದಲಿಸಬಾರದೇ? ಯಾವಾಗಲೂ ಕನ್ನಡವೇ ಯಾಕೆ ಬಗ್ಗಬೇಕು?

ಮೈಸೂರಿನಿಂದ

ಈ ಮಾತು ಓದಿದ ಮೇಲೆ ಗೆಳತಿಗೆ ಫೋನ್ ಮಾಡಿದೆ. ಅವಳು ಒಪ್ಪಿದಳು. 11ನೇ ಪುಟ ಈಗ ಹೀಗಿದೆ. ಕನ್ನಡ: ‘ಪುಟ್ಟಿ ಮೆಲ್ಲಗೆ ಗೋಣಿ ಸರಿಸಿ ನೋಡಿದರೆ...’ ಇಂಗ್ಲಿಷ್: ‘ಪುಟ್ಟಿ ಲಿಫ್ಟೆಡ್ ದ ಸ್ಯಾಕ್, ಅಂಡ್ ವೆನ್ ಶಿ ಲುಕ್ಡ್...’ 12ರಲ್ಲಿ ಎರಡೂ ಕಡೆ ಕೋಳಿಯೇ ಮೊದಲ ಪದ. ಚಿತ್ರ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಗಳಿಗೆಗೆ ಕೋಳಿಯನ್ನು ತೋರಿಸುತ್ತವೆ. ‘ಇಫ್’ನ ಮಾತಿಗೆ ಅಕ್ಕಾ, ‘ನೋಡಿದರೆ’ಗೆ ‘ವೆನ್’ ಅನ್ನುವ ಅರ್ಥವೂ ಇದೆ ಅಂತ ಈ ಪುಟದಿಂದಲೇ ಹೇಳಿಕೊಡಬಹುದೇನೋ.

ಸ್ಪ್ರೆಡ್‌ಗೆ ‘ಜೋಡಿಪುಟ’ ಅಂತ ಬರೆದುಕೊಂಡಿದ್ದೇನೆ. ಚಿತ್ರ ಬರೆಯುವ ಹುಡುಗನಿಗೆ ಹೇಳಿದ ಕೂಡಲೇ ತಿಳಿಯಿತು. ಪ್ರೆಸ್ಸಿಗೆ ಕಳಿಸುವ ಚೀಟಿಯಲ್ಲಿ ಮಾತ್ರ ಸ್ಪ್ರೆಡ್ ಅಂತಲೇ ಇರುತ್ತದೆ.

ಇನ್ನೊಂದು ಪುಟ ಸಿಕ್ಕಿಹಾಕಿಕೊಂಡಿದೆ. 17ರಲ್ಲಿ ಇಂಗ್ಲಿಷ್: ‘ಪುಟ್ಟಿ ರ‍್ಯಾನ್ ಅಂಡ್ ರ‍್ಯಾನ್, ಬಿಕಾಸ್...’ ಹಾಳೆ ಮಗುಚಿದರೆ ಕೋಳಿ ಅಟ್ಟಿಸಿಕೊಂಡು ಬರುತ್ತಿದೆ. ಕನ್ನಡದಲ್ಲಿ ಕಾರಣ ಮೊದಲು ಬರುತ್ತದೆ: ‘ಕೋಳಿ ಅಟ್ಟಿಸಿಕೊಂಡು ಬಂದದ್ದಕ್ಕೆ ಪುಟ್ಟಿ ಓಡಿದಳು.’ ಮತ್ತೆ ಗುಟ್ಟು ಬಯಲು. ‘ಪುಟ್ಟಿ ಓಡಿದಳು, ಓಡಿದಳು. ಯಾಕೆಂದರೆ...’ ಅಂತ ನಿಲ್ಲಿಸಿದ್ದೇನೆ. ‘ಯಾಕೆಂದರೆ’ ಇಂಗ್ಲಿಷಿನ ನಕಲು ಅಂತ ಒಬ್ಬರು ಅಂದರು. ಹೌದಾ?

ಧಾರವಾಡದಿಂದ

ನಕಲಲ್ಲ. ‘ಯಾಕೆ ಎಂದರೆ’ ಅಂತ ಹೇಳುವವನೇ ಕೇಳಿಕೊಂಡು ಹೇಳುವ ಉತ್ತರ ಅದು. ತಮಿಳಿನ ‘ಏನೆಂದ್ರಾಲ್’, ತೆಲುಗಿನ ‘ಎಂದುಕಂಟೆ’ ಇದೇ ಅಚ್ಚಿನವು. ಮಾತುಮಾತಿಗೂ ಹಾಕಿದರೆ ಇಂಗ್ಲಿಷಿನ ನೆರಳು ಬೀಳುತ್ತದೆ ಅನ್ನುವುದು ಬೇರೆ ವಿಷಯ. ಇಲ್ಲಿ ಇರಲಿ.

ಸಾಗರದಿಂದ

ಮೂರು ವರ್ಷದ ಮಗುವಿಗೆ ‘ಯಾಕೆಂದರೆ’ಗಿಂತ ‘ಯಾಕೆ ಗೊತ್ತಾ?’ ಹತ್ತಿರ. ಆದರೆ ಅದಕ್ಕೂ ಇಂಗ್ಲಿಷ್ ಬದಲಿಸಬೇಕಾಗುತ್ತದೆ.

ಮೈಸೂರಿನಿಂದ

ಗೆಳತಿ ಈ ಸಲ ಒಪ್ಪುತ್ತಿಲ್ಲ. ‘ಬಿಕಾಸ್’ ಅಲ್ಲೇ ನಿಲ್ಲಬೇಕು, ಆ ಪುಟ ತನಗೆ ತುಂಬಾ ಇಷ್ಟ ಅನ್ನುತ್ತಾಳೆ. ಎರಡೂ ಬಗೆಯಲ್ಲಿ ಪುಟ ಕಟ್ಟಿ, ಪ್ರಿಂಟ್ ತೆಗೆದು ಮಡಚಿ ಇಟ್ಟಿದ್ದೇನೆ. ಶನಿವಾರ ಪಕ್ಕದ ಬೀದಿಯ ಅಂಗನವಾಡಿಯಲ್ಲಿ ಓದಿ ಬಂದು ಬರೆಯುತ್ತೇನೆ.