ನಕ್ಷತ್ರ ಮಿಕ್ಸಿಯದೋ, ಅಂಗಡಿಯದೋ?

ಸುಜಾತಾ ಅತ್ತೆ: ಗೂಗಲ್‌ನಲ್ಲಿ ಮಿಕ್ಸಿ ಹುಡುಕಿದಾಗ ಮೇಲೆಯೇ ಬಂದ ಜಾಹೀರಾತಿನ ಚಿತ್ರ ಹಾಕಿದ್ದೇನೆ, ನೋಡಿ. ಒಂದೇ ಮಿಕ್ಸಿ, ಮೂರು ಅಂಗಡಿ. ಕೊನೆಯದರಲ್ಲಿ 2,949 ರೂಪಾಯಿ, 4.5 ನಕ್ಷತ್ರ, 1,812 ವಿಮರ್ಶೆ. ತರಿಸಲೇ?

ರಮೇಶ: ತರಿಸಿಬಿಡು ಅಕ್ಕ. ಮೊದಲನೆಯದರಲ್ಲಿ 3,499 ಇದೆ. ಅಷ್ಟು ಜನ ಮೆಚ್ಚಿದ ಅಂಗಡಿ ಮೋಸ ಮಾಡುವುದಿಲ್ಲ.

ಕಾವ್ಯಾ: ಸ್ವಲ್ಪ ತಡೆಯಿರಿ ಅತ್ತೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮೂರರ ಕೆಳಗೂ 4.5, ಮೂರರಲ್ಲೂ 1,812. ಬೇರೆ ಬೇರೆ ಅಂಗಡಿಗಳಿಗೆ ಒಂದೇ ಅಂಕಿ ಹೇಗೆ ಬಂದೀತು? ಅದು ಮಿಕ್ಸಿಗೆ ಸಿಕ್ಕ ನಕ್ಷತ್ರ. ಬಾರ್‌ಕೋಡ್ ಸಂಖ್ಯೆಯ ಆಧಾರದ ಮೇಲೆ ಗೂಗಲ್ ಹಲವು ಕಡೆಯ ವಿಮರ್ಶೆಗಳನ್ನು ಒಟ್ಟುಗೂಡಿಸಿ, ಆ ಮಾದರಿಯ ಕೆಳಗೆ ತೋರಿಸುತ್ತದೆ. ಈ ಅಂಗಡಿಯಿಂದ ಕೊಂಡವರು ಅದರಲ್ಲಿ ಎಷ್ಟು ಮಂದಿ ಎಂಬುದು ಅಲ್ಲಿ ಕಾಣುವುದಿಲ್ಲ.

ರಮೇಶ: ಮಿಕ್ಸಿ ಚೆನ್ನಾಗಿದ್ದರೆ ಸಾಕಲ್ಲವೇ? ಯಾರು ಮಾರಿದರೇನು?

ಕಾವ್ಯಾ: ಜಾರ್ ಒಡೆದು ಬಂದರೆ ಬದಲಿಸಿ ಕೊಡಬೇಕಾದವರು ಯಾರು ಚಿಕ್ಕಪ್ಪ? ವಾರಂಟಿಗೆ ಬೇಕಾದ ಸರಿಯಾದ ಬಿಲ್ ಕೊಡಬೇಕಾದವರು ಯಾರು? ಆ 1,812 ವಿಮರ್ಶೆಗಳು ಅದಕ್ಕೆ ಉತ್ತರ ಹೇಳುವುದಿಲ್ಲ.

ಸುಜಾತಾ ಅತ್ತೆ: ಹಾಗಾದರೆ ಅಂಗಡಿಯ ನಕ್ಷತ್ರ ಎಲ್ಲಿ ಸಿಗುತ್ತದೆ?

ಕಾವ್ಯಾ: ಚಿತ್ರವಿಲ್ಲದೆ ಬರೀ ಬರಹ ಇರುವ ಜಾಹೀರಾತುಗಳಲ್ಲಿ ಅಂಗಡಿಯ ನಕ್ಷತ್ರ ಬರುತ್ತದೆ. ಆದರೆ ಸರಾಸರಿ 3.5ಕ್ಕಿಂತ ಕಡಿಮೆ ಇದ್ದರೆ ಗೂಗಲ್ ಅದನ್ನು ಅಲ್ಲಿ ತೋರಿಸುವುದೇ ಇಲ್ಲ. ಹಾಗಾಗಿ ಎರಡು ನಕ್ಷತ್ರದ ಅಂಗಡಿ ನಮ್ಮ ಕಣ್ಣಿಗೆ ಎರಡು ನಕ್ಷತ್ರದ್ದಾಗಿ ಬೀಳುವುದಿಲ್ಲ, ನಕ್ಷತ್ರವೇ ಇಲ್ಲದ್ದಾಗಿ ಕಾಣುತ್ತದೆ.

ರಮೇಶ: ಇದು ಅನ್ಯಾಯ. ವಿಮರ್ಶೆ ಸಾಲದ ಒಳ್ಳೆಯ ಸಣ್ಣ ಅಂಗಡಿಯೂ ಹಾಗೆಯೇ ಕಾಣುತ್ತದಲ್ಲ!

ಕಾವ್ಯಾ: ನಿಜ ಚಿಕ್ಕಪ್ಪ, ಅದನ್ನು ನಾನೂ ಒಪ್ಪುತ್ತೇನೆ. ನಾನು ಜಾಹೀರಾತು ನೋಡಿಕೊಳ್ಳುವ ಅಂಗಡಿಗಳಲ್ಲಿ ಅಂಥವೂ ಇವೆ. ಪಕ್ಕದವರಿಗೆ ನಕ್ಷತ್ರ ಇದ್ದು ತಮಗಿಲ್ಲದಿದ್ದರೆ ಕ್ಲಿಕ್ ಅತ್ತ ಸರಿಯುತ್ತದೆ. ಈ ಮಿಕ್ಸಿಯ ಸಾಲಿನಲ್ಲಿ ಮೂವರಿಗೂ ನಕ್ಷತ್ರ ಒಂದೇ ಆದ್ದರಿಂದ ಬೆಲೆಯೊಂದೇ ಕಣ್ಣು ಸೆಳೆಯುತ್ತದೆ. ಅದು ಗೊತ್ತಿರುವ ಮಾರಾಟಗಾರರು ದಪ್ಪಕ್ಷರದ ಬೆಲೆಯನ್ನು ಇಳಿಸಿ, ಉಳಿದದ್ದನ್ನು ಸಾಗಣೆಗೆ ಹಾಕುತ್ತಾರೆ. ಅತ್ತೆ, 2,949ರ ಕೆಳಗಿನ ಸಣ್ಣ ಅಕ್ಷರ ಓದಿ.

ಸುಜಾತಾ ಅತ್ತೆ: ಸಾಗಣೆ 299 ಎಂದಿದೆ.

ಕಾವ್ಯಾ: ಒಟ್ಟು 3,248. ನಡುವಿನ ಅಂಗಡಿಯಲ್ಲಿ 3,299, ಸಾಗಣೆ ಉಚಿತ. ವ್ಯತ್ಯಾಸ 51 ರೂಪಾಯಿ.

ರಮೇಶ: ಐವತ್ತೊಂದೂ ಹಣವೇ ಅಲ್ಲವೇ? ನಾನಾಗಿದ್ದರೆ ಕಡಿಮೆಯದನ್ನೇ ಕೊಳ್ಳುತ್ತಿದ್ದೆ.

ಕಾವ್ಯಾ: ಕೊಳ್ಳಬಹುದು. ಮೊದಲು ಎರಡೂ ಅಂಗಡಿಗಳ ಹೆಸರನ್ನು ಬೇರೆಯಾಗಿ ಹುಡುಕಿ, ಒಂದು ನಕ್ಷತ್ರದ ವಿಮರ್ಶೆಗಳನ್ನು ಓದೋಣ. ವಾಪಸಾತಿಯ ಬಗ್ಗೆ ದೂರುಗಳಿದ್ದರೆ ಅಲ್ಲಿ ಸಿಗುತ್ತವೆ.

ಸುಜಾತಾ ಅತ್ತೆ: ನಡುವಿನ ಅಂಗಡಿಯವರು ಏಳು ದಿನದೊಳಗೆ ವಾಪಸ್ ಪಡೆಯುತ್ತಾರಂತೆ. ಇನ್ನೊಂದರ ಪುಟದಲ್ಲಿ ದೂರವಾಣಿ ಸಂಖ್ಯೆಯೂ ಇಲ್ಲ. ರಮೇಶ, ನಾನು 3,299 ಕೊಡುತ್ತೇನೆ.