ಎರಡು ಬ್ಯಾಕಪ್ ಇದ್ದರೂ ಟ್ರ್ಯಾಕ್ ನಡುವೆ 7 ಸೆಕೆಂಡ್ ಖಾಲಿ! ಯಾವುದನ್ನು ನಂಬಲಿ?

ರಾತ್ರಿ_ರೆಕಾರ್ಡಿಂಗ್:
ತಲೆ ಕೆಟ್ಟುಹೋಗಿದೆ. ಹೋದ ವರ್ಷದ ಒಂದು ಲೈವ್ ರೆಕಾರ್ಡಿಂಗ್ ರೀಮಿಕ್ಸ್ ಮಾಡೋಣ ಅಂತ ತೆರೆದೆ. 24 ಟ್ರ್ಯಾಕ್, ಒಂದೂವರೆ ಗಂಟೆ. ಗಾಯಕಿಯ ಟ್ರ್ಯಾಕ್‌ನಲ್ಲಿ 7 ನಿಮಿಷ 17 ಸೆಕೆಂಡ್ ಹತ್ತಿರ ವೇವ್‌ಫಾರ್ಮ್ ಒಂದೇ ಗೆರೆಯಾಗಿದೆ. ಸುಮಾರು ಏಳು ಸೆಕೆಂಡ್ ಏನೂ ಇಲ್ಲ. ಆಮೇಲೆ ಮತ್ತೆ ಸರಿಯಾಗಿದೆ. ರೆಕಾರ್ಡ್ ಮಾಡಿದ ದಿನ ಪೂರ್ತಿ ಕೇಳಿದ್ದೇನೆ, ಆಗ ಚೆನ್ನಾಗಿಯೇ ಇತ್ತು. ಎರಡು ಡ್ರೈವ್‌ನಲ್ಲಿ ಬ್ಯಾಕಪ್ ಇದೆ, ಎರಡೂ ಒಂದೇ ಥರ ಇವೆ. ಇದು ಹೇಗೆ ಸಾಧ್ಯ? ಇನ್ನು ಮುಂದೆ ಯಾವ ಡ್ರೈವ್ ತಗೊಳ್ಳಲಿ?

ಮಿಕ್ಸ್_ಮನೆ:
ನಿಮ್ಮದು ಎಸ್‌ಎಂಆರ್ ಡ್ರೈವ್ ಇರಬೇಕು. ದೊಡ್ಡ ಆಡಿಯೋ ಫೈಲ್‌ಗಳಿಗೆ ಅದು ಆಗಿಬರುವುದಿಲ್ಲ. ಮಾಡೆಲ್ ನಂಬರ್ ಹಾಕಿ. ನನಗೆ ನೂರಕ್ಕೆ ತೊಂಬತ್ತು ಪಾಲು ಅದೇ ಅನ್ನಿಸುತ್ತಿದೆ.

ನಾಲ್ಕು_ಬೇ:
ನಾನು ನಾಸ್‌ಗೆ ಬಂದು ನೆಮ್ಮದಿಯಾಗಿದ್ದೇನೆ. ನಾಲ್ಕು ಡಿಸ್ಕ್, ರೇಡ್, ಯುಪಿಎಸ್, ಫ್ಯಾನ್ ಸದ್ದೂ ಇಲ್ಲ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ಬಿಡಿ ಡ್ರೈವ್ ಸಹವಾಸ ಯಾಕೆ?

ಹಳೇ_ಟೇಪ್:
ಡ್ರೈವ್ ಕೊಳ್ಳುವ ಮಾತು ಆಮೇಲೆ. ಮೊದಲು ಮೂರು ಪ್ರಶ್ನೆ. ಎರಡೂ ಬ್ಯಾಕಪ್ ಒಂದೇ ಥರ ಇವೆ ಎಂದು ಹೇಗೆ ಗೊತ್ತಾಯಿತು, ಎರಡರಲ್ಲೂ ಆ ಜಾಗ ಕೇಳಿದ್ದೀರಾ? ಎರಡನೆಯದನ್ನು ಲ್ಯಾಪ್‌ಟಾಪ್‌ನಿಂದ ಕಾಪಿ ಮಾಡಿದ್ದೋ, ಮೊದಲ ಬ್ಯಾಕಪ್‌ನಿಂದಲೋ? ಡ್ರೈವ್‌ಗಳ ಫಾರ್ಮ್ಯಾಟ್ ಯಾವುದು?

ರಾತ್ರಿ_ರೆಕಾರ್ಡಿಂಗ್:
ಕೇಳಿದ್ದು ಎ ಡ್ರೈವ್‌ನಿಂದ ಮಾತ್ರ. ಸಿಂಕ್ ಸಾಫ್ಟ್‌ವೇರ್ "ವ್ಯತ್ಯಾಸ ಇಲ್ಲ" ಎಂದು ತೋರಿಸಿತು, ಅದಕ್ಕೇ ಹೇಳಿದೆ. ಎರಡನ್ನೂ ಲ್ಯಾಪ್‌ಟಾಪ್‌ನಿಂದ ಬೇರೆ ಬೇರೆಯಾಗಿ ಕಾಪಿ ಮಾಡಿದ್ದು. ಲ್ಯಾಪ್‌ಟಾಪ್‌ನಲ್ಲಿ ಈಗ ಆ ಫೋಲ್ಡರ್ ಇಲ್ಲ, ಜಾಗ ಸಾಲದೆ ಅಳಿಸಿದೆ. ಮ್ಯಾಕ್, ಎರಡೂ ಎಕ್ಸ್‌ಫ್ಯಾಟ್.

ಹಳೇ_ಟೇಪ್:
ಹಾಗಾದರೆ ನಿಮ್ಮ ಬಿ ಡ್ರೈವ್ ಚೆನ್ನಾಗಿರುವ ಸಾಧ್ಯತೆ ಇದೆ. ಸಿಂಕ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಫೈಲ್‌ನ ಗಾತ್ರ, ತಾರೀಖು ಎರಡನ್ನೇ ನೋಡುತ್ತವೆ. ಒಳಗೆ ಏಳು ಸೆಕೆಂಡ್ ಸೊನ್ನೆ ತುಂಬಿದ್ದರೂ ಗಾತ್ರ ಅಷ್ಟೇ, ತಾರೀಖೂ ಅದೇ. ಅದರ ಕಣ್ಣಿಗೆ ಎರಡೂ ಒಂದೇ. ವೇವ್ ಫೈಲ್ ಒಳಗೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಯಾವ ಗುರುತೂ ಇರುವುದಿಲ್ಲ. ಕೆಟ್ಟಿದ್ದರೂ ಸುಮ್ನೆ ತೆರೆದುಕೊಳ್ಳುತ್ತದೆ.

ಮಿಕ್ಸ್_ಮನೆ:
ಸರಿ, ಹಾಗಾದರೆ ಚೆಕ್‌ಸಮ್ ಮೋಡ್‌ನಲ್ಲಿ ಸಿಂಕ್ ಮಾಡಿಬಿಡಿ. `rsync -rc` ಹಾಕಿ ಎ ಇಂದ ಬಿ ಕಡೆಗೆ. ಎಲ್ಲ ಬೈಟ್ ನೋಡಿ ಸರಿಮಾಡುತ್ತದೆ.

ಹಳೇ_ಟೇಪ್:
ದಯವಿಟ್ಟು ಅದನ್ನು ಓಡಿಸಬೇಡಿ! ಎರಡು ಫೈಲ್ ಬೇರೆ ಎಂದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಯಾವುದು ಸರಿ ಎಂದು ಗೊತ್ತಾಗುವುದಿಲ್ಲ. ಎ ಇಂದ ಬಿ ಕಡೆಗೆ ಓಡಿಸಿದರೆ ಕೆಟ್ಟ ಫೈಲ್ ಒಳ್ಳೆಯದರ ಮೇಲೆ ಕೂರುತ್ತದೆ. ಇಷ್ಟು ದಿನ ನಿಮ್ಮನ್ನು ಕಾಪಾಡಿದ್ದೇ ಸಿಂಕ್ ಬೈಟ್ ನೋಡದೆ ಇದ್ದದ್ದು.

ಈಗ ಓದುವ ಕೆಲಸ ಮಾತ್ರ ಮಾಡಿ. ಇದು ಏನನ್ನೂ ಬರೆಯುವುದಿಲ್ಲ:

```
diff -rq /Volumes/A/live /Volumes/B/live
```

ಬೇರೆ ಎಂದು ತೋರಿಸಿದ ಪ್ರತಿ ಫೈಲ್‌ಗೂ ಇದು:

```
cmp -l A.wav B.wav | head -n 3
cmp -l A.wav B.wav | tail -n 1
```

ಮೊದಲ ಅಂಕಣ ಬೈಟ್‌ನ ಜಾಗ. ಆಮೇಲಿನ ಎರಡು, ಎ ಮತ್ತು ಬಿ ಒಳಗಿನ ಬೆಲೆ.

ಮಿಕ್ಸ್_ಮನೆ:
ನಾನು ಹೇಳಿದ್ದು ಡ್ರೈವ್ ಪರೀಕ್ಷೆ ಆದಮೇಲೆ ಅಂತ. ಎಸ್‌ಎಂಆರ್ ಮಾತು ಯಾರೂ ಕೇಳುತ್ತಿಲ್ಲ.

ಹಳೇ_ಟೇಪ್:
ಎಸ್‌ಎಂಆರ್ ಡ್ರೈವ್‌ನಲ್ಲಿ ಬರವಣಿಗೆ ನಿಧಾನವಾಗುತ್ತದೆ, ಒಂದೇ ಸಮನೆ ಬರೆದರೆ ತೀರಾ ನಿಧಾನ. ಅದು ಮಧ್ಯದಲ್ಲಿ ಸೊನ್ನೆ ತುಂಬುವುದಿಲ್ಲ. ಒಮ್ಮೆ ಬರೆದು ಬೀರುವಿನಲ್ಲಿಡುವ ಬ್ಯಾಕಪ್‌ಗೆ ಅದು ಸಾಕು.

ರಾತ್ರಿ_ರೆಕಾರ್ಡಿಂಗ್:
ಎರಡು ಫೈಲ್ ಬೇರೆ ಇವೆ. ಗಾಯನದ ಫೈಲ್:

```
62914561   0 314
62914562   0  27
62914563   0 376
...
63963136   0 375
```

ಇನ್ನೊಂದು ಕಂಜೀರ. ಅದರಲ್ಲಿ ಒಂದೇ ಒಂದು ಸಾಲು, ಬೆಲೆಗಳು `112 102`.
ಬಿ ಡ್ರೈವ್‌ನ ಗಾಯನ ಕೇಳಿದೆ. ಪೂರ್ತಿ ಇದೆ!! ಕಂಜೀರ ಎರಡರಲ್ಲೂ ಒಂದೇ ಥರ ಕೇಳಿಸುತ್ತಿದೆ.

ಹಳೇ_ಟೇಪ್:
ಗಾಯನದ ಕಥೆ ಸ್ಪಷ್ಟ. cmp ಎಣಿಕೆ 1ರಿಂದ ಶುರು. ಹಾಗಾಗಿ ಹಾನಿ 62914560ನೇ ಬೈಟ್ ಆದಮೇಲೆ ಶುರುವಾಗಿದೆ, ಅಂದರೆ ಸರಿಯಾಗಿ 60 ಮೆಬಿಬೈಟ್. ಮುಗಿದದ್ದು ಸರಿಯಾಗಿ 61ಕ್ಕೆ. 24 ಬಿಟ್, 48 ಕಿಲೋಹರ್ಟ್ಸ್ ಮೊನೋ ಆದರೆ ಸೆಕೆಂಡಿಗೆ 144000 ಬೈಟ್. ಭಾಗಿಸಿ ನೋಡಿ, 7 ನಿಮಿಷ 17 ಸೆಕೆಂಡ್ ಬರುತ್ತದೆ, ಉದ್ದ 7.3 ಸೆಕೆಂಡ್. ಹಾನಿ ಇಷ್ಟು ಗುಂಡಗಿನ ಅಂಕೆಗೆ ಶುರುವಾಗಿ ಗುಂಡಗಿನ ಅಂಕೆಗೆ ಮುಗಿದರೆ, ಕಾಪಿ ಮಾಡುವಾಗ ಒಂದು ತುಂಡು ಡ್ರೈವ್ ತಲುಪಿಲ್ಲ ಎಂದೇ ಅನುಮಾನ. ಇಜೆಕ್ಟ್ ಮಾಡದೆ ಕೇಬಲ್ ಎಳೆದಾಗ ಹೀಗಾಗಬಹುದು. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ಮ್ಯಾಕ್ ಒಂದರಲ್ಲೇ ಬಳಸುವ ಡ್ರೈವ್ ಆದರೆ ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್ ಮಾಡಿ.

ಕಂಜೀರ ಬೇರೆ ರೋಗ. 112, 102 ಎರಡೂ ಅಷ್ಟಕ ಅಂಕೆಗಳು, ನಡುವಿನ ವ್ಯತ್ಯಾಸ ಒಂದೇ ಒಂದು ಬಿಟ್. ಇದು ಡಿಸ್ಕ್‌ಗಿಂತ ಜಾಸ್ತಿ ರ‍್ಯಾಮ್ ಕಡೆ ಬೆರಳು ತೋರಿಸುತ್ತದೆ. ಓದುವಾಗಲೇ ತಿರುಗಿತಾ ನೋಡಲು ಎರಡೂ ಡ್ರೈವ್ ತೆಗೆದು, ಮತ್ತೆ ಹಾಕಿ, cmp ಇನ್ನೊಮ್ಮೆ ಓಡಿಸಿ. ಸಾಧ್ಯವಾದರೆ ಬೇರೆ ಕಂಪ್ಯೂಟರ್‌ನಲ್ಲಿ.

ತಂತಿ_ನಾದ:
ನನಗೂ ಇದೇ ಆಯಿತು. ಹ್ಯಾಶ್ ಪಟ್ಟಿ ಮಾಡಿಟ್ಟಿದ್ದೆ. ಮೊನ್ನೆ ನೋಡಿದರೆ ನೂರಾರು ಫೈಲ್ ಕೆಟ್ಟಿವೆ ಎಂದು ಬಂತು. ಆದರೆ ಎಲ್ಲವೂ ಚೆನ್ನಾಗಿ ನುಡಿಯುತ್ತಿವೆ. ಡ್ರೈವ್ ಬಿಸಾಡಲಾ?

ಹಳೇ_ಟೇಪ್:
ಬಿಸಾಡಬೇಡಿ, ನಿಮ್ಮದು ಬೇರೆ ಸಂಗತಿ ಇರಬಹುದು. ಕೆಲವು ಸಾಫ್ಟ್‌ವೇರ್‌ಗಳು ವೇವ್ ಫೈಲ್‌ನ ಹೆಡರ್‌ಗೆ ಮಾಹಿತಿ ಬರೆಯುತ್ತವೆ. ಧ್ವನಿ ಹಾಗೇ ಇರುತ್ತದೆ, ಫೈಲ್‌ನ ಹ್ಯಾಶ್ ಬದಲಾಗುತ್ತದೆ. ಹಳೆಯ ಕಾಪಿಯ ಮೇಲೂ ಹೊಸದರ ಮೇಲೂ ಇದನ್ನು ಓಡಿಸಿ, ಧ್ವನಿಯ ಹ್ಯಾಶ್ ಮಾತ್ರ ಬರುತ್ತದೆ:

```
ffmpeg -i x.wav -map 0:a -c copy -f md5 -
```

`-c copy` ಬಿಡಬೇಡಿ. ಬಿಟ್ಟರೆ 16 ಬಿಟ್‌ಗೆ ಇಳಿಸಿ ಲೆಕ್ಕ ಹಾಕುತ್ತದೆ, ಕೆಳಗಿನ ಬಿಟ್‌ಗಳ ಹಾನಿ ತಪ್ಪಿಹೋಗಬಹುದು.

ನಾಲ್ಕು_ಬೇ:
ಅದಕ್ಕೇ ರೇಡ್ ಅಂದದ್ದು. ನನ್ನದು ತಿಂಗಳಿಗೊಮ್ಮೆ ತಾನೇ ಸ್ಕ್ರಬ್ ಮಾಡುತ್ತದೆ.

ಹಳೇ_ಟೇಪ್:
ಫೈಲ್‌ಸಿಸ್ಟಮ್ ಯಾವುದು? ಜೆಡ್‌ಎಫ್‌ಎಸ್ ಆದರೆ ಒಪ್ಪಿದೆ. ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ ಇರುತ್ತದೆ, ಕೆಟ್ಟದ್ದು ಯಾವುದೆಂದು ಅದಕ್ಕೆ ಗೊತ್ತು. ಬರೀ ರೇಡ್ ಮಿರರ್ ಆದರೆ ನಿಮಗೂ ಈ ಕಂಜೀರದ ಪಾಡೇ. ಎರಡು ಡಿಸ್ಕ್ ಬೇರೆ ಎಂದು ಕಾಣುತ್ತದೆ, ಯಾವುದು ಸರಿ ಎಂದು ಕಾಣುವುದಿಲ್ಲ. ಇನ್ನು ನೀವೇ ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕ್‌ನಿಂದ ಒಟ್ಟಿಗೆ ಹೋಗುತ್ತದೆ.

ನಾಲ್ಕು_ಬೇ:
ನನ್ನದು ಯಾವತ್ತೂ ಹೋಗಿಲ್ಲ. ಎಲ್ಲರೂ ರೇಡ್ ಬೈಯುವುದು ಫ್ಯಾಷನ್ ಆಗಿದೆ.

ರಾತ್ರಿ_ರೆಕಾರ್ಡಿಂಗ್:
ಬೇರೆ ಕಂಪ್ಯೂಟರ್‌ನಲ್ಲೂ ಕಂಜೀರದ ಅದೇ ಬೈಟ್ ಬೇರೆ ತೋರಿಸುತ್ತಿದೆ. ಹಾಗಾದರೆ ಬರೆಯುವಾಗಲೇ ಆಗಿದೆ, ಅಲ್ವಾ? ಎ ಸರಿಯೋ ಬಿ ಸರಿಯೋ?

ಹಳೇ_ಟೇಪ್:
ಹೌದು, ಡ್ರೈವ್ ಮೇಲೇ ಹಾಗಿದೆ. ಯಾವುದು ಸರಿ ಎನ್ನಲು ಮೂರನೇ ಸಾಕ್ಷಿ ಬೇಕು, ಅದು ಲ್ಯಾಪ್‌ಟಾಪ್‌ನ ಫೋಲ್ಡರ್ ಅಳಿಸಿದಾಗಲೇ ಹೋಯಿತು. ಎರಡನ್ನೂ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಮೊದಲು ಕಾಪಿ ಮಾಡಿದ ಮ್ಯಾಕ್‌ನ ರ‍್ಯಾಮ್ ಪರೀಕ್ಷೆ ಮಾಡಿ, ಅದಕ್ಕೆ ಮುಂಚೆ ಹೊಸ ಕಾಪಿ ಬೇಡ.

ಮುಂದೆ ರೆಕಾರ್ಡಿಂಗ್ ಮುಗಿದ ಕೂಡಲೇ, ಕಾಪಿ ಮಾಡುವ ಮುಂಚೆಯೇ, ಮೂಲ ಫೋಲ್ಡರ್ ಒಳಗೆ ನಿಂತು ಪಟ್ಟಿ ಮಾಡಿ:

```
find . -iname '*.wav' ! -name '._*' -exec shasum -a 256 {} + > suchi.txt
```

ಪಟ್ಟಿಯೂ ಸೇರಿದಂತೆ ಎರಡು ಡ್ರೈವ್‌ಗೆ ಕಾಪಿ ಮಾಡಿ, ಇಜೆಕ್ಟ್ ಮಾಡಿ, ಕೇಬಲ್ ತೆಗೆದು ಮತ್ತೆ ಹಾಕಿ. ಇಲ್ಲದಿದ್ದರೆ ಡ್ರೈವ್ ಬದಲು ಕಂಪ್ಯೂಟರ್‌ನ ಕ್ಯಾಶ್‌ನಿಂದಲೇ ಓದಿ "ಸರಿ" ಎನ್ನಬಹುದು. ಆಮೇಲೆ ಪ್ರತಿ ಡ್ರೈವ್‌ನಲ್ಲಿ `shasum -a 256 -c suchi.txt`. ಎರಡೂ ಸರಿ ಬಂದ ಮೇಲೆಯೇ ಲ್ಯಾಪ್‌ಟಾಪ್‌ನಿಂದ ಅಳಿಸುವುದು. ಒಂದು ಡ್ರೈವ್ ಬೇರೆ ಮನೆಯಲ್ಲಿರಲಿ.

ತಂತಿ_ನಾದ:
ಪಟ್ಟಿಯ ಬದಲು ಎಲ್ಲ ಫ್ಲ್ಯಾಕ್ ಮಾಡಿಟ್ಟರೆ? ಅದರೊಳಗೇ ಎಂಡಿ5 ಇರುತ್ತದಲ್ಲ, `flac -t` ಸಾಕು.

ಹಳೇ_ಟೇಪ್:
ಮುಗಿದ ಪ್ರಾಜೆಕ್ಟ್‌ಗೆ ಒಳ್ಳೆಯದೇ. ಆದರೆ ಪ್ರಾಜೆಕ್ಟ್ ಫೈಲ್ ವೇವ್ ಹೆಸರುಗಳನ್ನೇ ಹುಡುಕುತ್ತದೆ, ತೆರೆಯುವ ಮುಂಚೆ ವಾಪಸ್ ಬಿಚ್ಚಬೇಕು. 32 ಬಿಟ್ ಫ್ಲೋಟ್ ಫೈಲ್‌ಗಳು ಫ್ಲ್ಯಾಕ್‌ಗೆ ಹೋಗುವುದೂ ಇಲ್ಲ.

ಮಿಕ್ಸ್_ಮನೆ:
ಡ್ರೈವ್ ಮಾಡೆಲ್ ನಂಬರ್ ಇನ್ನೂ ಹಾಕಿಲ್ಲ ನೀವು.

ರಾತ್ರಿ_ರೆಕಾರ್ಡಿಂಗ್:
ರ‍್ಯಾಮ್ ಪರೀಕ್ಷೆ ಓಡುತ್ತಿದೆ, ಮುಗಿದ ಮೇಲೆ ಹಾಕುತ್ತೇನೆ. ಉಳಿದ ಹಳೆ ಪ್ರಾಜೆಕ್ಟ್‌ಗಳ ಮೇಲೂ diff ಓಡಿಸಬೇಕು.