ಸಹಾಯ ಬೇಕು: ಭಾರ ಹೊತ್ತು ಓಡಿದ ಮೇಲೆ ಕೈಹಿಡಿತ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ 5 ಕಿ.ಮೀ. ಅಬ್‌ಸ್ಟಕಲ್ ರೇಸ್‌ಗೆ ತಯಾರಿ ನಡೆಸಿದ್ದೇನೆ. ಸುಮ್ನೆ ಕಂಬಿಗೆ ಜೋತುಬಿದ್ದರೆ ಒಂದು ನಿಮಿಷ ಆರಾಮಾಗಿ ಇರುತ್ತೇನೆ. ಆದರೆ 20 ಕೆ.ಜಿ. ಮರಳಿನ ಚೀಲ ಹೊತ್ತು 200 ಮೀಟರ್ ನಡೆದು, ಆಮೇಲೆ 400 ಮೀಟರ್ ಓಡಿ ಬಂದು ಕಂಬಿ ಹಿಡಿದರೆ 20 ಸೆಕೆಂಡಿಗೇ ಬೆರಳು ಬಿಚ್ಚಿಕೊಳ್ಳುತ್ತವೆ. ಮುಂಗೈ ಕಲ್ಲಿನ ಹಾಗೆ ಬಿಗಿದಿರುತ್ತದೆ.

ಚೀಲದ ಮೂಲೆಯನ್ನು ಬೆರಳಲ್ಲಿ ಹಿಡಿಯುವುದು ಬಿಟ್ಟು, ಹೆಗಲ ಮೇಲೆ ಹಾಕಿಕೊಂಡು ತೋಳಿನಿಂದ ಒತ್ತಿ ಹಿಡಿದೆ. ಸ್ವಲ್ಪ ಸುಧಾರಿಸಿತು. ಕಂಬಿ ಇನ್ನೂ 50 ಮೀಟರ್ ಇರುವಾಗಲೇ ಓಟ ನಿಧಾನ ಮಾಡಿ, ಕೈ ಇಳಿಬಿಟ್ಟು ಕೊಡವಿದರೆ ಉಸಿರೂ ಹತೋಟಿಗೆ ಬರುತ್ತದೆ, ಹಿಡಿತವೂ ಜಾಸ್ತಿ ಹೊತ್ತು ನಿಲ್ಲುತ್ತದೆ.

ತೊಂದರೆ ಇರುವುದು ರೇಸ್‌ನಲ್ಲಿ ಭಾರ ತುಂಬಿದ ಬಕೆಟ್ ಹೊತ್ತು ನಡೆಯುವಾಗ. ಅದನ್ನು ಎದೆಗೆ ಅವಚಿಕೊಂಡೇ ಹೋಗಬೇಕು ಅಲ್ವಾ? ಆಗ ತಳದಲ್ಲಿ ಬೆರಳು ಹೆಣೆಯಬೇಕೋ, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿಯಬೇಕೋ? ಯಾವುದರಲ್ಲಿ ಮುಂಗೈಗೆ ದಣಿವು ಕಡಿಮೆ?

ಇನ್ನೊಂದು ಮಾತು. ಮೊಣಕೈಯ ಒಳಬದಿ ಮುಟ್ಟಿದರೆ ನೋಯುತ್ತದೆ, ಅದಕ್ಕೇ ಸದ್ಯ ಜೋತುಬೀಳುವುದನ್ನು ನಿಲ್ಲಿಸಿದ್ದೇನೆ. ನೋವು ಹೋದ ಮೇಲೆ ಭಾರ ಹೊರುವುದು, ಜೋತುಬೀಳುವುದು ಎರಡನ್ನೂ ಒಂದೇ ದಿನ ಮಾಡಲೇ, ನಡುವೆ ಎರಡು ದಿನ ಬಿಡಲೇ? ಗೋಳಗುಮ್ಮಟದ ಕಡೆ ಬೆಳಿಗ್ಗೆ ಅಭ್ಯಾಸ ಮಾಡುವವರಿದ್ದರೆ ದಯವಿಟ್ಟು ತಿಳಿಸಿ, ಬಂದು ಸೇರಿಕೊಳ್ಳುತ್ತೇನೆ.